ಅಡುಗೆಯವರು ಕೈಕೊಟ್ಟರು, ಸರಿ. ಆಮೇಲೆ ನೀವೇನು ಮಾಡಿದಿರಿ?

ತಿಪಟೂರಿನ ಒಂದು ಮನೆ ಅಂತ ಇಟ್ಟುಕೊಳ್ಳಿ. ಮಗಳ ಮದುವೆ. ಶನಿವಾರ ರಾತ್ರಿ ಆರತಕ್ಷತೆ, ಭಾನುವಾರ ಮುಹೂರ್ತ. ಅಡುಗೆ ಕಂಟ್ರಾಕ್ಟರ್ ಜೊತೆ ಮೂರು ತಿಂಗಳ ಹಿಂದೆಯೇ ಮಾತಾಗಿದೆ. ಆರತಕ್ಷತೆಗೆ 500 ಎಲೆ, ಎಲೆಗೆ 350 ರೂಪಾಯಿ. ಮುಹೂರ್ತದ ಊಟಕ್ಕೆ 700 ಎಲೆ, ಎಲೆಗೆ 300. ಒಟ್ಟು 3,85,000 ರೂಪಾಯಿ. ಅಡ್ವಾನ್ಸ್ ಅಂತ 75,000 ಯುಪಿಐನಲ್ಲಿ ಹೋಗಿದೆ. ಮೆನು ವಾಟ್ಸಾಪ್‌ನಲ್ಲಿದೆ.

ಮದುವೆಗೆ 12 ದಿನ ಇರುವಾಗ ಫೋನ್ ಬರುತ್ತೆ. "ಅಣ್ಣಾ, ಬೇಜಾರು ಮಾಡ್ಕೋಬೇಡಿ, ಆ ಡೇಟಿಗೆ ನಮ್ ಕೈಲಿ ಆಗ್ತಿಲ್ಲ." ಆಮೇಲೆ ಗೊತ್ತಾಗುವುದು ಏನೆಂದರೆ, ಪಕ್ಕದ ತಾಲ್ಲೂಕಿನ ಮುಖಂಡರೊಬ್ಬರ ಮನೆಯಲ್ಲಿ ಅದೇ ದಿನ ಮೂರು ಸಾವಿರ ಎಲೆಯ ಊಟ.

ಮನೆಯಲ್ಲಿ ಆಗುವುದನ್ನು ಊಹಿಸಿಕೊಳ್ಳಬಹುದು. ಒಬ್ಬರು ಅವನ ಮನೆ ಮುಂದೆ ಹೋಗಿ ಕೂರೋಣ ಅಂತಾರೆ. ಚಿಕ್ಕಪ್ಪ "ಕೋರ್ಟಿಗೆ ಹಾಕಿ, ಹತ್ತು ಲಕ್ಷ ಕೇಳಿ, ಮರ್ಯಾದೆ ಹೋಯ್ತಲ್ಲ" ಅಂತಾರೆ. ಎಲ್ಲರೂ ಯೋಚಿಸುತ್ತಿರುವುದು ಅವನು ಏನು ಮಾಡಿದ ಅನ್ನೋದನ್ನ. ಅವನು ಕರಾರು ಮುರಿದ ಅನ್ನುವುದು ಇಂಥ ಕೇಸುಗಳಲ್ಲಿ ಸಾಮಾನ್ಯವಾಗಿ ದೊಡ್ಡ ತಕರಾರಿನ ವಿಷಯವೇ ಅಲ್ಲ. ಪರಿಹಾರದ ಮೊತ್ತ ನಿಂತಿರುವುದು ಇನ್ನೊಂದು ಪ್ರಶ್ನೆಯ ಮೇಲೆ: ಫೋನ್ ಬಂದ ಮೇಲೆ ನೀವು ಏನು ಮಾಡಿದಿರಿ?

ಇದಕ್ಕೆ ವಕೀಲರ ಬಾಯಲ್ಲಿ ಮಿಟಿಗೇಶನ್ ಅಂತ ಹೆಸರು. ಕನ್ನಡದಲ್ಲಿ ನಷ್ಟ ತಗ್ಗಿಸುವ ಹೊಣೆ ಅನ್ನಬಹುದು. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಮು ಕರಾರು ಮುರಿದವನಿಂದ ಪರಿಹಾರ ಪಡೆಯುವ ಹಕ್ಕು ಕೊಡುತ್ತೆ. ಆ ಕಲಮಿನ ಕೊನೆಯಲ್ಲಿ ಸಣ್ಣದೊಂದು ವಿವರಣೆ ಅಂಟಿಕೊಂಡಿದೆ. ಅದರ ಸಾರ ಇಷ್ಟೇ: ನಷ್ಟವನ್ನು ಅಂದಾಜು ಮಾಡುವಾಗ, ಆ ತೊಂದರೆಯನ್ನು ಸರಿಪಡಿಸಿಕೊಳ್ಳಲು ಯಾವ ದಾರಿಗಳಿದ್ದವು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದೇ ವಾಕ್ಯ. ಆದರೆ ಹತ್ತು ಲಕ್ಷದ ಕ್ಲೇಮು ಒಂದೂವರೆ ಲಕ್ಷಕ್ಕೆ ಇಳಿಯುವುದು ಈ ವಾಕ್ಯದಿಂದಲೇ.

ಹೊಣೆ ಅನ್ನುವ ಪದ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತೆ. ನೀವು ಕೈಕಟ್ಟಿ ಕೂತರೆ ಯಾರೂ ನಿಮ್ಮ ಮೇಲೆ ಕೇಸು ಹಾಕೋಕೆ ಆಗಲ್ಲ, ದಂಡವೂ ಇಲ್ಲ. ಬೆಂಗಳೂರಿನ ಕಾಫಿ ಮಂಡಳಿಯ ಹರಾಜಿನಲ್ಲಿ ಬಿಡ್ ಕೂಗಿ ಆಮೇಲೆ ಹಿಂದೆ ಸರಿದ ವ್ಯಾಪಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲಿ ಇದನ್ನು ಬಿಡಿಸಿ ಹೇಳಿತು. ನಷ್ಟ ತಗ್ಗಿಸುವ ತತ್ವದಿಂದ ಎದುರಾಳಿಗೆ ಪ್ರತ್ಯೇಕ ಹಕ್ಕೇನೂ ಹುಟ್ಟುವುದಿಲ್ಲ. ಪರಿಹಾರ ನಿಗದಿ ಮಾಡುವಾಗ ಕೋರ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಅದು ಅಂತ. ಅಂದರೆ ಇದು ನಿಮ್ಮ ಕ್ಲೇಮಿನ ಮೇಲಿರುವ ಸೂರು. ಸಾಮಾನ್ಯ ಬುದ್ಧಿಯ ಮನುಷ್ಯನೊಬ್ಬ ನಿಮ್ಮ ಜಾಗದಲ್ಲಿದ್ದರೆ ತಪ್ಪಿಸಬಹುದಾಗಿದ್ದ ನಷ್ಟ ಆ ಸೂರಿನ ಮೇಲೆ ಉಳಿಯುತ್ತೆ. ಅದು ನಿಮಗೆ ಸಿಗಲ್ಲ.

ಈಗ ಲೆಕ್ಕಕ್ಕೆ ಬರೋಣ. ಇಂಜಿನಿಯರಿಂಗ್ ಓದಿ ಬಂದವನಿಗೆ ಲೆಕ್ಕ ಮಾಡದೆ ಸಮಾಧಾನ ಆಗಲ್ಲ.

ತಿಪಟೂರಿನ ಆ ಮನೆಯವರು ಮಾರನೇ ದಿನವೇ ಹೊರಡುತ್ತಾರೆ. ಮೂರು ಕಡೆ ವಿಚಾರಿಸುತ್ತಾರೆ. ಲಗ್ನದ ಸೀಸನ್, ಒಳ್ಳೆಯ ಅಡುಗೆಯವರೆಲ್ಲ ಬುಕ್ ಆಗಿದ್ದಾರೆ. ಊರಿನ ಒಬ್ಬರು ಆಗಲ್ಲ ಅಂತಾರೆ, ಇನ್ನೊಬ್ಬರು ಮುಹೂರ್ತದ ಊಟ ಮಾತ್ರ ಮಾಡ್ತೀವಿ ಅಂತಾರೆ. ಕೊನೆಗೆ ಹಾಸನದ ಒಬ್ಬರು ಅದೇ ಮೆನುವಿಗೆ ಒಪ್ಪುತ್ತಾರೆ. ಆರತಕ್ಷತೆಗೆ ಎಲೆಗೆ 430, ಮುಹೂರ್ತಕ್ಕೆ 360. ಒಟ್ಟು 4,67,000. ಪಾತ್ರೆ ಸಾಮಾನು ತರುವ ಗಾಡಿ ಬಾಡಿಗೆ, ಹುಡುಕಾಟದ ಓಡಾಟ ಎಲ್ಲ ಸೇರಿ ಇನ್ನೊಂದು 6,000.

ಹೊಸ ದರಕ್ಕೂ ಹಳೆ ದರಕ್ಕೂ ಇರುವ ವ್ಯತ್ಯಾಸ 82,000. ಓಡಾಟದ್ದು 6,000. ವಾಪಸ್ ಬರಬೇಕಾದ ಅಡ್ವಾನ್ಸ್ 75,000. ಒಟ್ಟು 1,63,000 ರೂಪಾಯಿ. ಸರಿಯಿದೆಯಾ ಅಂತ ಇನ್ನೊಂದು ಕಡೆಯಿಂದ ನೋಡಿ: ಜೇಬಿನಿಂದ ನಿಜಕ್ಕೂ ಹೋಗಿದ್ದು 75,000, 4,67,000 ಮತ್ತು 6,000, ಅಂದರೆ 5,48,000. ಎಲ್ಲ ಸರಿಯಾಗಿ ನಡೆದಿದ್ದರೆ ಹೋಗುತ್ತಿದ್ದದ್ದು 3,85,000. ಕಳೆದರೆ ಮತ್ತೆ ಅದೇ 1,63,000. ಕರಾರು ಪಾಲನೆಯಾಗಿದ್ದರೆ ನೀವು ಎಲ್ಲಿ ಇರುತ್ತಿದ್ದಿರೋ ಹಣದ ಮಟ್ಟಿಗೆ ಅಲ್ಲಿಗೆ ನಿಮ್ಮನ್ನು ತಂದು ನಿಲ್ಲಿಸುವುದು ಕಾನೂನಿನ ಉದ್ದೇಶ. ಅದಕ್ಕಿಂತ ಮುಂದಕ್ಕಲ್ಲ.

ಆ 6,000 ಕೇಳಬಹುದಾ ಅಂತ ಬಹಳ ಜನಕ್ಕೆ ಅನುಮಾನ. ಕೇಳಬಹುದು. 73ನೇ ಕಲಮಿನ ಕೆಳಗೆ ಕಾಯ್ದೆಯೇ ಕೊಟ್ಟಿರುವ ಒಂದು ಉದಾಹರಣೆಯಲ್ಲಿ ಬಾಂಬೆಗೆ ಹೋಗಬೇಕಿದ್ದ ಹಡಗು ಕೈಕೊಡುತ್ತೆ. ಸರಕಿನವನಿಗೆ ಅಷ್ಟೇ ಅನುಕೂಲದ ದರದಲ್ಲಿ ಬೇರೆ ಹಡಗು ಸಿಗುತ್ತೆ, ಆದರೆ ಅದಕ್ಕಾಗಿ ಓಡಾಟ, ಖರ್ಚು ಆಗುತ್ತೆ. ಆ ಓಡಾಟಕ್ಕೂ ಖರ್ಚಿಗೂ ಪರಿಹಾರ ಉಂಟು. ಹಡಗಿನ ಜಾಗದಲ್ಲಿ ಹಾಸನದ ಅಡುಗೆ ಕಂಟ್ರಾಕ್ಟರ್‌ನ ಇಟ್ಟರೆ ನಮ್ಮ ಕಥೆಯೇ.

ಈಗ ಅದೇ ಮನೆಯವರು ಬೇರೆ ಥರ ನಡೆದುಕೊಂಡಿದ್ದರೆ? ಸಿಟ್ಟಿನಲ್ಲಿ ಏನೂ ಮಾಡದೆ ಕೂತು, ಮದುವೆಗೆ ಬಂದವರಿಗೆ ಚಿತ್ರಾನ್ನ, ಕಾಫಿ ಕೊಟ್ಟು ಕಳಿಸಿ, ಆಮೇಲೆ ಹತ್ತು ಲಕ್ಷ ಕೇಳಿದರು ಅನ್ನಿ. ಎದುರಾಳಿ ವಕೀಲ ಮಾಡಬೇಕಾದ ಕೆಲಸ ಒಂದೇ. 12 ದಿನ ಟೈಮಿತ್ತು, ಹಾಸನದಲ್ಲಿ ಜನ ಸಿಗುತ್ತಿದ್ದರು ಅಂತ ತೋರಿಸುವುದು. ಅದು ಸಾಬೀತಾದರೆ ಲೆಕ್ಕ ಮತ್ತೆ 1,63,000ದ ಆಸುಪಾಸಿಗೇ ಬಂದು ನಿಲ್ಲುತ್ತೆ. ನಷ್ಟ ನಿಜವೇ, ಆದರೆ ಅದರ ದೊಡ್ಡ ಪಾಲು ತಪ್ಪಿಸಬಹುದಾಗಿತ್ತು.

ಇದರ ತದ್ವಿರುದ್ಧ ಇನ್ನೊಂದು ತಪ್ಪು ಇದೆ. ಹೇಗೂ ಅವನೇ ಕೊಡಬೇಕಲ್ಲ ಅಂತ ತುಮಕೂರಿನ ದೊಡ್ಡ ಹೋಟೆಲಿಗೆ ಹೇಳಿ, ಪ್ಲೇಟಿಗೆ 1,100 ರೂಪಾಯಿಯ ಬಫೆ ಮಾಡಿಸುವುದು. ಬಿಲ್ಲು 13,20,000. ಇದರಲ್ಲಿ ನಿಮ್ಮ ಹಳೆ ಕರಾರಿಗೆ ಸಮಾನವಾದ ಊಟಕ್ಕೆ ಎಷ್ಟು ಆಗುತ್ತಿತ್ತೋ ಅಷ್ಟನ್ನೇ ಕೋರ್ಟು ನೋಡುತ್ತೆ. ಮೆನುವಿಗೆ ಹೊಸದಾಗಿ ಸೇರಿದ ಚಾಟ್ ಕೌಂಟರು, ಐಸ್‌ಕ್ರೀಮು ನಿಮ್ಮ ಖರ್ಚು. ಕಡಿಮೆ ದರಕ್ಕೆ ಸಿಗುವ ಸಾಧ್ಯತೆಯೂ ಇದೆ. ಹೊಸಬರು 3,60,000ಕ್ಕೇ ಒಪ್ಪಿದರೆ ದರದ ವ್ಯತ್ಯಾಸದಲ್ಲಿ ನಿಮಗೆ ನಷ್ಟವೇ ಇಲ್ಲ. ಉಳಿದ ಆ 25,000 ನಿಮ್ಮ ಓಡಾಟದ ಖರ್ಚನ್ನೂ ನುಂಗಿಹಾಕುತ್ತೆ. ಅಡ್ವಾನ್ಸಿನ ವಿಷಯದಲ್ಲಿ ಮಾತ್ರ ಜಗಳ ಉಳಿಯುತ್ತೆ. ಅನ್ಯಾಯ ಅನ್ನಿಸಬಹುದು, ಆದರೆ ಕರಾರಿನ ಕಾನೂನು ಶಿಕ್ಷೆ ಕೊಡುವ ಕಾನೂನಲ್ಲ.

12 ದಿನದ ಬದಲು 12 ಗಂಟೆ ಇದ್ದರೆ ಏನು? ಶನಿವಾರ ಬೆಳಗ್ಗೆ ಕಂಟ್ರಾಕ್ಟರ್ ಫೋನ್ ಸ್ವಿಚ್ ಆಫ್. ಸಂಜೆಗೆ 500 ಜನ ಬರುತ್ತಾರೆ. ಮೂರು ಹೋಟೆಲಿನಿಂದ ಸಿಕ್ಕ ರೇಟಿಗೆ ಪಾರ್ಸೆಲ್ ತರಿಸುತ್ತೀರಿ. ಒಂದು ಕಡೆಯ ಸಾರು ಹಳಸಿರುತ್ತೆ, ಇನ್ನೊಂದು ಕಡೆ ಲೆಕ್ಕ ತಪ್ಪಿ ಐವತ್ತು ಊಟ ಹೆಚ್ಚಾಗುತ್ತೆ. ಆರು ತಿಂಗಳಾದ ಮೇಲೆ ವಕೀಲರು ಎಸಿ ರೂಮಿನಲ್ಲಿ ಕೂತು "ಇದಕ್ಕಿಂತ ಅಗ್ಗದ ದಾರಿ ಇತ್ತು" ಅಂದರೆ? 1932ರ ಒಂದು ಬ್ರಿಟಿಷ್ ಪ್ರಕರಣದಲ್ಲಿ, ಪೋರ್ಚುಗಲ್‌ನ ಬ್ಯಾಂಕಿಗೂ ನೋಟು ಮುದ್ರಿಸುವ ಕಂಪನಿಗೂ ನಡೆದ ವ್ಯಾಜ್ಯದಲ್ಲಿ, ಈ ವಾದಕ್ಕೆ ಒಳ್ಳೆಯ ಉತ್ತರ ಸಿಕ್ಕಿತು. ಸಂಕಟ ತಂದಿಟ್ಟವನೇ, ಆ ಸಂಕಟದಲ್ಲಿ ಸಿಕ್ಕವರು ಮಾಡಿದ್ದನ್ನು ಚಿನ್ನದ ತಕ್ಕಡಿಯಲ್ಲಿಟ್ಟು ತೂಗಿ ಅಂತ ಕೇಳುವ ಹಾಗಿಲ್ಲ. ಆ ಗಳಿಗೆಯಲ್ಲಿ ನೀವು ಮಾಡಿದ್ದು ಸಮಂಜಸವಾಗಿದ್ದರೆ ಸಾಕು, ಅದು ಆಮೇಲೆ ದುಬಾರಿಯಾದರೂ ಹೊರೆ ಅವನದೇ. ನೀವು ನಷ್ಟ ತಗ್ಗಿಸಲಿಲ್ಲ ಅಂತ ತೋರಿಸುವ ಭಾರವೂ ಸಾಮಾನ್ಯವಾಗಿ ಅವನ ಮೇಲೇ ಇರುತ್ತೆ.

ಆದರೆ ನಷ್ಟ ಎಷ್ಟು ಅಂತ ಸಾಬೀತು ಮಾಡುವ ಭಾರ ನಿಮ್ಮದು. ಜನ ಎಡವುವುದು ಇಲ್ಲಿ. 1961ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಮುರಳೀಧರ ಚಿರಂಜಿಲಾಲ್ ಪ್ರಕರಣ ಇವತ್ತಿಗೂ ಈ ವಿಷಯದಲ್ಲಿ ಎಲ್ಲರೂ ಹಿಡಿಯುವ ತೀರ್ಪು. 1947ರಲ್ಲಿ ಕಾನ್ಪುರದಿಂದ ಕ್ಯಾನ್ವಾಸ್ ಬಟ್ಟೆ ಕಳಿಸುವ ಕರಾರು, ಮಾಲು ಹೋಗಬೇಕಿದ್ದು ಕಲ್ಕತ್ತಾಕ್ಕೆ. ಮಾರುವವನು ಕಳಿಸಲಿಲ್ಲ. ಕೊಳ್ಳುವವನು ಕಲ್ಕತ್ತಾದ ದರ ತೋರಿಸಿ ಪರಿಹಾರ ಕೇಳಿದ. ಕೋರ್ಟ್ ಹೇಳಿದ್ದು: ನೀನು ಬದಲಿ ಮಾಲು ಕೊಳ್ಳಬಹುದಾಗಿದ್ದ ಜಾಗ ಕಾನ್ಪುರ, ಅಲ್ಲಿನ ಆ ದಿನದ ದರ ಎಷ್ಟಿತ್ತು ಅಂತ ನೀನು ತೋರಿಸಲೇ ಇಲ್ಲ. ಕರಾರು ಮುರಿದದ್ದು ನಿಜವಾಗಿದ್ದರೂ ಪರಿಹಾರ ಸಿಗಲಿಲ್ಲ.

ನಮ್ಮ ತಿಪಟೂರಿನವರಿಗೆ ಇದರ ಅರ್ಥ ಏನು? ಫೋನಿನಲ್ಲಿ ರೇಟು ಕೇಳಿ ಬಿಟ್ಟರೆ ಸಾಲದು. ಆಗಲ್ಲ ಅಂದವರಿಂದಲೂ ಒಂದು ಮೆಸೇಜು ಹಾಕಿಸಿಕೊಳ್ಳಬೇಕು, "ಆ ಡೇಟು ಖಾಲಿ ಇಲ್ಲ" ಅಂತ ಇದ್ದರೂ ಸಾಕು. ಹಾಸನದವರಿಂದ ಮೆನು ಸಮೇತ ಕೊಟೇಶನ್ ಬೇಕು, ಹಳೆ ಮೆನುವಿನ ಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ ಅಂತ ಕಾಣಬೇಕು. ದುಡ್ಡು ನಗದಾಗಿ ಕೊಟ್ಟರೆ ರಸೀದಿ ಬೇಕು. ಮೂಲ ಚಾಟ್‌ಗಳನ್ನು ಡಿಲೀಟ್ ಮಾಡಬಾರದು. ಸಿವಿಲ್ ಕೋರ್ಟಿನಲ್ಲಿ ಅದರ ಪ್ರಿಂಟ್ ಹಾಜರುಪಡಿಸುವಾಗ ಹೊಸ ಸಾಕ್ಷ್ಯ ಕಾನೂನಿನ 63ನೇ ಕಲಮಿನ ಪ್ರಮಾಣಪತ್ರ ಕೇಳುತ್ತಾರೆ.

ಎಲ್ಲಕ್ಕಿಂತ ಮೊದಲು ಕಳಿಸಬೇಕಾದ ಮೆಸೇಜು ಹೋಗಬೇಕಿರುವುದು ಹಳೆ ಕಂಟ್ರಾಕ್ಟರ್‌ಗೇ. ಕರಾರಿನ ದಿನ ಬರುವ ಮೊದಲೇ ಒಬ್ಬ ಆಗಲ್ಲ ಅಂದರೆ, 39ನೇ ಕಲಮಿನ ಪ್ರಕಾರ ಕರಾರನ್ನು ಅಲ್ಲಿಗೇ ಮುಗಿಸುವ ಆಯ್ಕೆ ನಿಮಗಿದೆ. ಆದರೆ "ಹೇಗಾದ್ರೂ ಮಾಡಿ ಅಣ್ಣಾ, ಇನ್ನೆರಡು ದಿನ ನೋಡಿ ಹೇಳಿ" ಅಂತ ಗೋಗರೆಯುತ್ತಿದ್ದರೆ ನೀವು ಕರಾರನ್ನು ಜೀವಂತ ಇಟ್ಟಿದ್ದೀರಿ ಅಂತ ಅರ್ಥ. ಅದು ಜೀವಂತ ಇರುವಷ್ಟು ದಿನ ಅವನಿಗೂ ಅದರ ಲಾಭ ಇದೆ. ಆ ನಡುವೆ ನಿಜಕ್ಕೂ ಅಸಾಧ್ಯವಾಗುವಂಥ ಘಟನೆ ನಡೆದರೆ ಅವನು ಅದರ ನೆರಳಿನಲ್ಲಿ ತಪ್ಪಿಸಿಕೊಳ್ಳಬಹುದು. ಹಾಗಾಗಿ ನಾಲ್ಕು ಸಾಲು ಸಾಕು: "ಇಂತಿಷ್ಟನೇ ತಾರೀಖು ನೀವು ಫೋನ್ ಮಾಡಿ ಬರೋಕಾಗಲ್ಲ ಅಂದಿರಿ. ಹಾಗಾಗಿ ಕರಾರು ಮುಗಿಸುತ್ತಿದ್ದೇವೆ. ಬೇರೆಯವರನ್ನು ಹುಡುಕುತ್ತಿದ್ದೇವೆ. ಹೆಚ್ಚಾಗುವ ಖರ್ಚೂ ಅಡ್ವಾನ್ಸೂ ನಿಮ್ಮಿಂದ ವಸೂಲಿ ಮಾಡುತ್ತೇವೆ."

ಇಲ್ಲಿ ಒಂದು ಹೊಸ ಕಾನೂನಿನ ಗುಂಡಿ ಇದೆ. 2018ರ ತಿದ್ದುಪಡಿಯ ಮೇಲೆ ನಿರ್ದಿಷ್ಟ ಪರಿಹಾರ ಕಾಯ್ದೆಯ 20ನೇ ಕಲಮು, ಕರಾರು ಮುರಿದವನ ಖರ್ಚಿನಲ್ಲಿ ಬೇರೆಯವರಿಂದ ಕೆಲಸ ಮಾಡಿಸಿಕೊಳ್ಳುವ ಅವಕಾಶ ಕೊಟ್ಟಿದೆ. ಕೇಳೋಕೆ ನಮ್ಮ ಕೇಸಿಗೆ ಅಳತೆ ತೆಗೆದು ಹೊಲಿದ ಹಾಗಿದೆ. ಆದರೆ ಅದಕ್ಕೆ ಮೊದಲು ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 30 ದಿನ ಕಾಯಬೇಕು. ಮದುವೆಗೆ 12 ದಿನ ಇರುವವರಿಗೆ ಇದರಿಂದ ಏನು ಉಪಯೋಗ? ಕಟ್ಟಡ, ರಸ್ತೆ ಗುತ್ತಿಗೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದ ಹಾಗಿದೆ ಅನ್ನುವುದು ನನ್ನ ಅನುಮಾನ. ಪುಣ್ಯಕ್ಕೆ ಅದೇ ಕಲಮು, ಸಾಮಾನ್ಯ ಪರಿಹಾರ ಕೇಳುವ ಹಕ್ಕಿಗೆ ಇದರಿಂದ ಅಡ್ಡಿಯಿಲ್ಲ ಅಂತಲೂ ಹೇಳುತ್ತೆ. ಆದ್ದರಿಂದ ನಮ್ಮ ದಾರಿ ಮತ್ತೆ 1872ರ ಹಳೇ ಕಾಯ್ದೆಯೇ.

ಕೈಕೊಟ್ಟವನೇ ಪರ್ಯಾಯ ಸೂಚಿಸಿದರೆ? "ನಾನು ಬರಲ್ಲ, ಆದರೆ ನನ್ನ ಬಾಮೈದ ಅದೇ ರೇಟಿಗೆ ಮಾಡಿಕೊಡ್ತಾನೆ" ಅಂತ. ಸಿಟ್ಟಿನಲ್ಲಿ ಫೋನ್ ಇಡುವ ಮೊದಲು ಯೋಚಿಸಿ. 1919ರ ಇಂಗ್ಲೆಂಡಿನ ರೇಷ್ಮೆ ವ್ಯಾಪಾರದ ಪ್ರಕರಣವೊಂದರಲ್ಲಿ, ಸಾಲದ ಮೇಲೆ ಮಾಲು ಕೊಡಬೇಕಿದ್ದವನು ಕರಾರು ಮುರಿದು, ಅದೇ ದರಕ್ಕೆ ನಗದು ಕೊಟ್ಟರೆ ಕೊಡುತ್ತೇನೆ ಅಂದ. ಕೊಳ್ಳುವವರು ಒಪ್ಪಲಿಲ್ಲ. ಅವರು ಒಪ್ಪಬೇಕಿತ್ತು ಅಂದಿತು ಕೋರ್ಟು, ಪರಿಹಾರ ಆ ಮಟ್ಟಕ್ಕೇ ನಿಂತಿತು. ಊಟದ ವಿಷಯ ರೇಷ್ಮೆಯಷ್ಟು ಸರಳ ಅಲ್ಲ. ಆ ಬಾಮೈದ ಇನ್ನೂರು ಎಲೆಗಿಂತ ಹೆಚ್ಚು ಮಾಡಿದವನೇ ಅಲ್ಲ ಅಂದರೆ, ಅಥವಾ ಒಮ್ಮೆ ಕೈಕೊಟ್ಟವರ ಕಡೆಯವರನ್ನು ನಂಬೋಕೆ ನಿಜವಾದ ಹಿಂಜರಿಕೆ ಇದ್ದರೆ, ಬೇಡ ಅನ್ನಬಹುದು. ಬೇಡ ಅಂದ ಕಾರಣ ಬರಹದಲ್ಲಿ ಇರಲಿ.

ಈ ಇಡೀ ತತ್ವದಲ್ಲಿ ನನಗೆ ಕಿರಿಕಿರಿ ಮಾಡುವುದು ಸಮಂಜಸ ಮನುಷ್ಯ ಅನ್ನುವ ಆ ಪಾತ್ರ. ಅವನ ಹತ್ತಿರ ಯಾವಾಗಲೂ ಎರಡನೇ ಅಡ್ವಾನ್ಸ್ ಕೊಡೋಕೆ ದುಡ್ಡು ಇರುವ ಹಾಗೆ ಕಾಣುತ್ತೆ. ಕೈಯಲ್ಲಿದ್ದ 75,000 ಮೊದಲನೆಯವನ ಹತ್ತಿರ ಸಿಕ್ಕಿಹಾಕಿಕೊಂಡಿದೆ, ಚೀಟಿ ಎತ್ತಿ ಆಗಿದೆ, ಒಡವೆ ಗಿರವಿಗೆ ಹೋಗಿದೆ, ಹಾಸನದವರು ನಾಳೆಯೇ ಒಂದು ಲಕ್ಷ ಕೇಳುತ್ತಿದ್ದಾರೆ. ಎಲ್ಲಿಂದ ತರೋದು? ಇಂಗ್ಲೆಂಡಿನ ಹಳೇ ತೀರ್ಪುಗಳು ಈ ವಿಷಯದಲ್ಲಿ ಕಲ್ಲಿನಂತೆ ಇದ್ದವು, ನಿನ್ನ ಬಡತನ ನಿನ್ನ ಪಾಡು ಅನ್ನುವ ಥರ. 2003ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಸ್ವಲ್ಪ ಮೆತ್ತಗಾಯಿತು. ಅದು ಕಾರು ಅಪಘಾತದ ಪ್ರಕರಣ. ಕೆಲಸವಿಲ್ಲದ ಒಬ್ಬನಿಗೆ ನಗದು ಕೊಟ್ಟು ಬದಲಿ ಕಾರು ಬಾಡಿಗೆಗೆ ಪಡೆಯುವ ಶಕ್ತಿ ಇರಲಿಲ್ಲ, ಹೆಚ್ಚು ದುಡ್ಡಾದರೂ ಸಾಲದ ಮೇಲೆ ಪಡೆದಿದ್ದ. ಬೇರೆ ದಾರಿಯೇ ಇರಲಿಲ್ಲವಾದ್ದರಿಂದ ಆ ಹೆಚ್ಚುವರಿಯೂ ಸಿಗಬೇಕು ಅಂತ ತೀರ್ಪಾಯಿತು. ನಮ್ಮ ಕೋರ್ಟುಗಳಿಗೆ ಆ ತೀರ್ಪು ಕಟ್ಟುಪಾಡಲ್ಲ, ಆದರೆ ವಾದಕ್ಕೆ ಬಳಸಬಹುದು. ನಮ್ಮ 73ನೇ ಕಲಮಿನ ವಿವರಣೆಯಲ್ಲೂ ಇರುವುದು "ಇದ್ದ ದಾರಿಗಳು" ಅನ್ನುವ ಮಾತು. ದುಡ್ಡಿಲ್ಲದವನಿಗೆ ಮುಚ್ಚಿದ ದಾರಿಯನ್ನು ಇದ್ದ ದಾರಿ ಅನ್ನೋಕಾಗುತ್ತಾ ಅಂತ ಕೇಳಲೇಬೇಕು.

ಹಾಗಾದರೆ ಮರ್ಯಾದೆಯ ಲೆಕ್ಕ? ಸಾಮಾನ್ಯ ಕರಾರಿನಲ್ಲಿ ಮಾನಸಿಕ ಯಾತನೆಗೆ ಪರಿಹಾರ ಕೊಡೋಕೆ ನಮ್ಮ ಸಿವಿಲ್ ಕೋರ್ಟುಗಳು ಹಿಂಜರಿಯುತ್ತವೆ. ಗ್ರಾಹಕ ಆಯೋಗ ಇದಕ್ಕೆ ಉತ್ತಮ ಜಾಗ. ಅಡುಗೆ ಗುತ್ತಿಗೆ ಒಂದು ಸೇವೆ, ಕೈಕೊಡುವುದು ಸೇವಾ ನ್ಯೂನತೆ. ಆಯೋಗಗಳು ಯಾತನೆಗೂ ಒಂದಿಷ್ಟು ಸೇರಿಸಿ ಕೊಡುತ್ತವೆ. 2019ರ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಸೇವೆಯ ಮೌಲ್ಯ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಆದರೆ ಅಲ್ಲೂ ಕೂಡ ಖರ್ಚಿನ ಭಾಗಕ್ಕೆ ಬಂದಾಗ ಅದೇ ಕೊಟೇಶನ್, ಅದೇ ರಸೀದಿಗಳೇ ಮಾತಾಡುವುದು.

ಇಷ್ಟೂ ಹೊತ್ತು ಮದುವೆ ಮನೆಯವರ ಕಡೆಯಿಂದ ನೋಡಿದೆವು. ಈಗ ತಿರುಗಿಸಿ. ಮದುವೆಯೇ ಮುರಿದುಬಿತ್ತು, ಮನೆಯವರೇ 12 ದಿನ ಮೊದಲು ಊಟ ಬೇಡ ಅಂದರು. ಈಗ ನಷ್ಟ ತಗ್ಗಿಸಬೇಕಾದ್ದು ಕಂಟ್ರಾಕ್ಟರ್. 3,85,000 ಪೂರ್ತಿ ಕೊಡಿ ಅಂತ ಅವನು ಕೇಳುವ ಹಾಗಿಲ್ಲ. ತರಕಾರಿ, ದಿನಸಿ, ಗ್ಯಾಸು, ಕೂಲಿ ಅಂತ ಅವನಿಗೆ 3,00,000 ಖರ್ಚಾಗುತ್ತಿತ್ತು ಅನ್ನಿ. ಅದು ಉಳಿಯಿತು. ನಿಜವಾದ ನಷ್ಟ 85,000 ಲಾಭ. ಆ ದಿನಕ್ಕೆ ಬೇರೆ ಮದುವೆ ಒಪ್ಪಿಕೊಂಡು 60,000 ಉಳಿಸಿಕೊಂಡರೆ ನಷ್ಟ 25,000. ಅವನ ಹತ್ತಿರ ಎರಡು ತಂಡಗಳಿದ್ದು ಎರಡೂ ಮದುವೆ ಒಟ್ಟಿಗೆ ಮಾಡಬಲ್ಲವನಾಗಿದ್ದರೆ ಮಾತು ಬೇರೆ. ಆ ಎರಡನೇ ಮದುವೆ ಹೇಗೂ ಅವನಿಗೆ ಸಿಗುತ್ತಿತ್ತು, ಅದನ್ನು ಕಳೆಯೋಕಾಗಲ್ಲ. "ಅಡ್ವಾನ್ಸ್ ವಾಪಸ್ ಇಲ್ಲ" ಅಂತ ರಸೀದಿ ಮೇಲೆ ಅಚ್ಚು ಹಾಕಿಸಿದ ಮಾತ್ರಕ್ಕೆ ಈ ಲೆಕ್ಕ ತಪ್ಪುವುದಿಲ್ಲ, ದೊಡ್ಡ ಮೊತ್ತ ಇಟ್ಟುಕೊಂಡರೆ 74ನೇ ಕಲಮಿನಡಿ ಪ್ರಶ್ನೆ ಮಾಡಬಹುದು.

ಆ 3,00,000ದ ಒಳಗೆ ಬಡಿಸುವ ಹುಡುಗರ, ಪಾತ್ರೆ ತೊಳೆಯುವ ಹೆಂಗಸರ ಎರಡು ದಿನದ ಕೂಲಿಯೂ ಇದೆ. ಅವರ ಜೊತೆ ಯಾರೂ ಲಿಖಿತ ಕರಾರು ಮಾಡಿಲ್ಲ, "ಶನಿವಾರ ಬನ್ನಿ" ಅಂತ ಒಂದು ಫೋನ್ ಹೋಗಿರುತ್ತೆ, "ಬೇಡ" ಅಂತ ಇನ್ನೊಂದು ಫೋನ್ ಹೋಗುತ್ತೆ. ಕಂಟ್ರಾಕ್ಟರ್ ಅವರಿಗೆ ಏನಾದರೂ ಕೊಟ್ಟು ರಸೀದಿ ಇಟ್ಟುಕೊಂಡಿದ್ದರೆ ಅದನ್ನು ನಷ್ಟಕ್ಕೆ ಸೇರಿಸಿ ಕೇಳಬಹುದು. ಕೊಡದಿದ್ದರೆ, ಅವರು ಕಳೆದುಕೊಂಡ ಎರಡು ದಿನ ಕೋರ್ಟಿನ ಹಾಳೆಯಲ್ಲಿ ಉಳಿತಾಯದ ಕಾಲಮಿನಲ್ಲಿ ಕಾಣಿಸಿಕೊಳ್ಳುತ್ತೆ.